ಎರಡು ಸಾಲಿನ ಸ್ಲೈಡು

ನನ್ನ ಬಾಯಿ ಮೊದಲಿನಿಂದಲೂ ಚುರುಕು. ಮನೆಯಲ್ಲಿ ಇದನ್ನು ಬೈಗುಳವಾಗಿ ಹೇಳುತ್ತಿದ್ದರು, ನಾನು ಹೊಗಳಿಕೆಯಾಗಿ ತೆಗೆದುಕೊಳ್ಳುತ್ತಿದ್ದೆ. ಬಿ.ಎಸ್ಸಿ. ಮುಗಿಸಿ, ಬಿ.ಎಡ್. ಮಾಡಿ, ಚನ್ನಗಿರಿಯ ಒಂದು ಪ್ರೌಢಶಾಲೆಗೆ ವಿಜ್ಞಾನದ ಟೀಚರಾಗಿ ಬಂದ ಮೇಲೆ ಆ ಚುರುಕು ಇನ್ನಷ್ಟು ಹರಿತವಾಯಿತು. ಸುತ್ತಮುತ್ತ ವಿಜ್ಞಾನ ಓದಿದ ಹೆಂಗಸರು ಬೆರಳೆಣಿಕೆಯಷ್ಟು ಇದ್ದ ಕಾಲ ಅದು, ಎಂಬತ್ತರ ದಶಕದ ಆರಂಭ. ನನಗೆ ಗೊತ್ತಿಲ್ಲದ್ದೂ ಇದೆ ಎಂದು ನೆನಪಿಸುವವರು ಯಾರೂ ಇರಲಿಲ್ಲ.

ಆ ವರ್ಷ ನಮ್ಮ ಶಾಲೆಗೆ ಒಂದು ಸ್ಲೈಡ್ ಪ್ರೊಜೆಕ್ಟರ್ ಬಂತು. ಹಳೆಯ ವಿದ್ಯಾರ್ಥಿಯೊಬ್ಬರು ಕೊಡುಗೆಯಾಗಿ ಕಳಿಸಿದ್ದರು. ಟ್ರಂಕಿನಷ್ಟು ಗಾತ್ರದ ಪೆಟ್ಟಿಗೆ, ಅದರೊಳಗೆ ಬೂದುಬಣ್ಣದ ಯಂತ್ರ. ಒಂದೊಂದೇ ಸ್ಲೈಡನ್ನು ತಲೆಕೆಳಗಾಗಿ ಇಟ್ಟು ಕೈಯಿಂದ ತಳ್ಳಬೇಕು, ಆಗ ಗೋಡೆಯ ಮೇಲೆ ಚಿತ್ರ ನೆಟ್ಟಗೆ ಮೂಡುತ್ತದೆ. ಬಲ್ಬು ಎಷ್ಟು ಬಿಸಿಯಾಗುತ್ತಿತ್ತೆಂದರೆ ಮಗ್ಗುಲಲ್ಲಿ ನಿಂತವರ ಮುಖ ಬೆವರುತ್ತಿತ್ತು. ಯಂತ್ರ ಬಂತು, ಆದರೆ ತೋರಿಸಲು ಸ್ಲೈಡುಗಳೇ ಇರಲಿಲ್ಲ. ನಾವೇ ಮಾಡೋಣ ಎಂದೆ. ವಿಷಯವನ್ನೂ ನಾನೇ ಆರಿಸಿದೆ: ನಕ್ಷತ್ರಗಳ ಹುಟ್ಟು, ಬಾಳು, ಸಾವು.

ಚಿತ್ರ ಬರೆಯಲು ನಮ್ಮಲ್ಲಿ ಡ್ರಾಯಿಂಗ್ ಮೇಷ್ಟ್ರು ಇದ್ದರು. ನಿವೃತ್ತಿಗೆ ಎರಡೋ ಮೂರೋ ವರ್ಷ ಉಳಿದಿದ್ದ, ಮೆತ್ತಗೆ ಮಾತಾಡುವ ಮನುಷ್ಯ. ಶಾಲೆಯ ಗೋಡೆಯ ನಕ್ಷೆಗಳು, ಗಣರಾಜ್ಯೋತ್ಸವದ ಬ್ಯಾನರು, ಅಡಿಕೆ ಮಂಡಿಗಳ ಬೋರ್ಡು, ಎಲ್ಲವೂ ಅವರ ಕೈಯವೇ. ನಾನು ದಾವಣಗೆರೆಯ ಕಾಲೇಜಿನ ಲೈಬ್ರರಿಯಿಂದ ಪರಿಚಯದವರ ಮೂಲಕ ಒಂದು ದಪ್ಪ ಇಂಗ್ಲಿಷ್ ಪುಸ್ತಕ ತರಿಸಿ, ಚಿತ್ರಗಳಿದ್ದ ಪುಟಗಳಿಗೆ ಚೀಟಿ ಸಿಕ್ಕಿಸಿ ಅವರ ಮುಂದಿಟ್ಟೆ. ಪುಸ್ತಕ ವಾರದೊಳಗೆ ಹಿಂತಿರುಗಬೇಕಿತ್ತು. ನಾನು ಮೇಲುಮೇಲೆ ಕಣ್ಣಾಡಿಸಿದೆ, ಮೇಷ್ಟ್ರು ಏಳು ದಿನವೂ ಅದರ ಮುಂದೆ ಕೂತು ಬರೆದರು.

ಹನ್ನೆರಡು ಚಿತ್ರಗಳಲ್ಲಿ ಕೊನೆಯದು ಎಲ್ಲಕ್ಕಿಂತ ದೊಡ್ಡದು. ನಕ್ಷತ್ರದ ಇಡೀ ಬಾಳು ಒಂದೇ ನೋಟದಲ್ಲಿ ಕಾಣುವ ಚಿತ್ರ. ಪುಸ್ತಕದಲ್ಲಿ ಅದು ಎರಡು ಪುಟಗಳ ಅಗಲಕ್ಕೆ ಹರಡಿತ್ತು. ಸ್ಲೈಡಿನ ಚೌಕಟ್ಟಿಗೆ ಹೊಂದಬೇಕಲ್ಲ, ಹಾಗಾಗಿ ಮೇಷ್ಟ್ರು ಅದನ್ನು ಒಂದರ ಕೆಳಗೊಂದು ಎರಡು ಸಾಲು ಮಾಡಿದರು. ಹೆಸರುಗಳನ್ನು ಎಲ್ಲಿ ಬರೆಯಲಿ ಎಂದು ಕೇಳಿದಾಗ ಹೆಸರೂ ಬೇಡ, ಬಾಣದ ಗುರುತೂ ಬೇಡ, ಮಕ್ಕಳು ಅಕ್ಷರ ಓದುತ್ತ ಕೂರುತ್ತವೆ, ಚಿತ್ರ ನೋಡುವುದಿಲ್ಲ ಎಂದು ನಾನೇ ಹೇಳಿದೆ. ಹೇಳಲು ನಾನಿದ್ದೇನಲ್ಲ ಎಂದೂ ಸೇರಿಸಿದೆ. ಅವರು ತಲೆಯಾಡಿಸಿದರು.

ಬರೆದ ಹಾಳೆಗಳನ್ನು ಊರಿನ ಫೋಟೋ ಸ್ಟುಡಿಯೋದವರು ಬೆಳಗಿನ ಎಳೆಬಿಸಿಲಲ್ಲಿ ಗೋಡೆಗೆ ಆನಿಸಿ ಕ್ಯಾಮೆರಾದಲ್ಲಿ ಹಿಡಿದರು. ಆ ಬಗೆಯ ಫಿಲಂ ತೊಳೆಯುವ ವ್ಯವಸ್ಥೆ ಇಲ್ಲಿರಲಿಲ್ಲ, ಬೊಂಬಾಯಿಗೆ ಪಾರ್ಸೆಲ್ ಹೋಗಿ ಬರಬೇಕು. ಒಂದು ತಿಂಗಳ ಮೇಲೆ ಸ್ಲೈಡುಗಳು ಬಂದವು. ಕಿಟಕಿಯ ಬೆಳಕಿಗೆ ಒಂದೊಂದನ್ನೇ ಹಿಡಿದು ನೋಡಿದೆ. ಉಗುರಿನಷ್ಟು ಜಾಗದಲ್ಲಿ ಕೆಂಪು, ನೀಲಿ, ಬಿಳಿ ಬೆಂಕಿ. ನಮ್ಮ ಶಾಲೆಯ ಮುರುಕು ಬೆಂಚಿನ ಮೇಲೆ ಇಷ್ಟು ದೊಡ್ಡ ಆಕಾಶ ತಯಾರಾಯಿತೇ ಎಂದು ಬೆರಗಾದೆ.

ಮೊದಲು ನಮ್ಮ ಶಾಲೆಯಲ್ಲಿ ತೋರಿಸಿದೆ, ಆಮೇಲೆ ಸಂತೇಬೆನ್ನೂರಿನಲ್ಲಿ, ಹೊನ್ನಾಳಿಯಲ್ಲಿ. ಪೆಟ್ಟಿಗೆಯನ್ನು ಬಸ್ಸಿನ ಸೀಟಿನ ಮೇಲಿಟ್ಟು ನಾನು ನಿಂತು ಹೋಗುತ್ತಿದ್ದೆ. ಹಗಲು ಹೊತ್ತು ಕೋಣೆ ಕತ್ತಲು ಮಾಡಲು ಜಮಖಾನ, ಗೋಣಿಚೀಲ, ಯಾರದೋ ಮನೆಯ ರಗ್ಗು. ಪರದೆಗೆ ಒಂದು ಬಿಳಿ ಪಂಚೆ. ಕೊನೆಯ ಸ್ಲೈಡಿಗೆ ಬಂದಾಗ ನಾನು ಬಿದಿರು ಕೋಲು ಹಿಡಿದು, ಮೇಲಿನ ಸಾಲಿನ ಎಡತುದಿಯಿಂದ ಶುರು ಮಾಡುತ್ತಿದ್ದೆ. ಇದು ಅನಿಲ ಮತ್ತು ದೂಳಿನ ಮೋಡ, ನೀಹಾರಿಕೆ. ಇದು ತನ್ನ ತೂಕಕ್ಕೆ ತಾನೇ ಕುಸಿದು ಬಿಸಿಯಾಗಿ ನಕ್ಷತ್ರವಾಯಿತು, ನಮ್ಮ ಸೂರ್ಯನ ಹಾಗೆ. ಒಳಗೆ ಜಲಜನಕ ಹೀಲಿಯಂ ಆಗುತ್ತ ಬೆಳಕು ಕೊಡುತ್ತದೆ. ತಿರುಳಿನ ಜಲಜನಕ ತೀರಿದಾಗ ಉಬ್ಬಿ ಕೆಂಪು ದೈತ್ಯವಾಗುತ್ತದೆ. ಹೊರಗಿನ ಪದರಗಳು ಉದುರಿಹೋಗಿ ಒಳಗಿನ ತಿರುಳು ಮಾತ್ರ ಶ್ವೇತಕುಬ್ಜವಾಗಿ ಉಳಿಯುತ್ತದೆ. ಭೂಮಿಯಷ್ಟೇ ಗಾತ್ರ, ಸೂರ್ಯನ ಹತ್ತಿರ ಹತ್ತಿರದ ತೂಕ. ಸುಡಲು ಏನೂ ಉಳಿದಿರುವುದಿಲ್ಲ.

ಇಲ್ಲಿಗೆ ಮೇಲಿನ ಸಾಲು ಮುಗಿಯುತ್ತಿತ್ತು. ಪುಸ್ತಕ ಓದುವವರು ಸಾಲು ಮುಗಿದಾಗ ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ. ಕೋಲನ್ನು ಕೆಳಗಿನ ಸಾಲಿನ ಎಡತುದಿಗೆ ತಂದೆ. ಆಮೇಲೆ ಈ ನಕ್ಷತ್ರ ಮತ್ತೆ ದೊಡ್ಡದಾಗುತ್ತದೆ, ನೀಲಿಯಾಗಿ ಉರಿಯುತ್ತದೆ, ಇನ್ನೂ ಭಾರಿ ಕೆಂಪು ದೈತ್ಯವಾಗುತ್ತದೆ, ಸಿಡಿಯುತ್ತದೆ, ಕೊನೆಗೆ ನ್ಯೂಟ್ರಾನ್ ನಕ್ಷತ್ರವೋ ಕಪ್ಪುಕುಳಿಯೋ ಆಗುತ್ತದೆ, ನಮ್ಮ ಸೂರ್ಯನ ಗತಿಯೂ ಒಂದು ದಿನ ಇದೇ, ಎಂದು ದನಿ ತಗ್ಗಿಸಿ ಹೇಳುತ್ತಿದ್ದೆ. ಕತ್ತಲಲ್ಲಿ ಮಕ್ಕಳು ಉಸಿರು ಬಿಗಿಹಿಡಿಯುವುದು ಕೇಳಿಸುತ್ತಿತ್ತು. ಆ ಸದ್ದು ನನಗೆ ಬಹಳ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ.

ನ್ಯಾಮತಿಯ ಶಾಲೆಯಲ್ಲಿ ಆ ಸದ್ದಿನ ನಡುವೆ ಒಬ್ಬ ಹುಡುಗಿ ಎದ್ದು ನಿಂತಳು. ಹತ್ತನೇ ತರಗತಿಯವಳು, ಎರಡು ಜಡೆ, ಕೈಯಲ್ಲಿ ನೋಟುಬುಕ್ಕು. ಯಾರೂ ಪ್ರಶ್ನೆ ಕೇಳಿ ಎಂದಿರಲಿಲ್ಲ.

"ಟೀಚರ್, ಆ ಬಿಳೀದ್ರಾಗೆ ಸುಡಾಕೆ ಏನೂ ಉಳಿದಿಲ್ಲ ಅಂದ್ರಿ. ಮತ್ತೆ ಅಷ್ಟು ದೊಡ್ಡದಾಗಿ ಉರಿಯಾಕೆ ಉರುವಲು ಎಲ್ಲಿಂದ ಬಂತು ರೀ?"

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಆ ಕ್ಷಣ ಗೊತ್ತಾಗಲಿಲ್ಲ. ಗೊತ್ತಾದದ್ದು ಸಿಟ್ಟು ಮಾತ್ರ. ನಿನಗೆ ಒಲೆ ಹೊತ್ತಿಸುವುದೊಂದೇ ಗೊತ್ತು, ನಕ್ಷತ್ರಕ್ಕೂ ಸೌದೆ ಒಟ್ಟುತ್ತೀಯಾ, ಸುಮ್ಮನೆ ಕೂತು ಚಿತ್ರ ನೋಡು ಎಂದೆ. ಕೋಣೆಯೆಲ್ಲ ನಕ್ಕಿತು. ಅವಳು ಕೂತಳು. ದೀಪ ಹಾಕಿ ಕಂಬಿಯಿಂದ ಪಂಚೆ ಇಳಿಸುವಾಗ ನೋಡಿದೆ, ಅವಳು ತಲೆ ಎತ್ತಿರಲಿಲ್ಲ. ಅಲ್ಲಿನ ಹೆಡ್‌ಮಾಸ್ಟರು ನನಗೆ ಚಹ ಕೊಡುತ್ತ, ಆ ಹುಡುಗಿ ಲೆಕ್ಕದಲ್ಲಿ ಮುಂದು, ವಿಜ್ಞಾನ ತೆಗೆದುಕೊಳ್ಳಬೇಕೆಂದಿದ್ದಾಳೆ, ಮನೆಯವರನ್ನೂ ಹೇಗೋ ಒಪ್ಪಿಸಿದ್ದೇವೆ, ಸ್ವಲ್ಪ ವಾಚಾಳಿ ಅಷ್ಟೆ ಎಂದು ಅವಳ ಪರವಾಗಿ ಕ್ಷಮೆ ಕೇಳಿದರು. ನಾನು ದೊಡ್ಡ ಮನಸ್ಸಿನಿಂದ ಪರವಾಗಿಲ್ಲ ಎಂದೆ.

ಅದಾಗಿ ಹತ್ತು ಹನ್ನೆರಡು ದಿನಕ್ಕೆ ಜಗಳೂರು. ಜನವರಿ ತಿಂಗಳು. ಜಗಳೂರಿಗೆ ಡ್ರಾಯಿಂಗ್ ಮೇಷ್ಟ್ರೂ ಬಂದರು. ತಮ್ಮ ಚಿತ್ರ ಗೋಡೆಯಷ್ಟು ದೊಡ್ಡದಾಗಿ ಕಾಣುವುದನ್ನು ಅವರು ಅದುವರೆಗೆ ನೋಡಿರಲಿಲ್ಲ, ನಮ್ಮ ಶಾಲೆಯಲ್ಲಿ ತೋರಿಸಿದ ದಿನ ಜ್ವರದಿಂದ ಮಲಗಿದ್ದರು. ಅಲ್ಲಿ ಕಿಟಕಿಗಳಿಗೆ ಕುರಿ ಸಾಕುವವರ ಮನೆಗಳಿಂದ ತಂದ ಕರಿಕಂಬಳಿ ಕಟ್ಟಿದ್ದರು. ಅಂಥ ಗಾಢ ಕತ್ತಲು ನನಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಕೋಣೆ ತುಂಬ ಕುರಿ ಉಣ್ಣೆಯ ವಾಸನೆ, ಪಂಚೆಯ ಮೇಲೆ ಉರಿಯುವ ನಕ್ಷತ್ರಗಳು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಮೇಷ್ಟ್ರು ಒಮ್ಮೆ ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಸಂತೋಷ ಕಂಡು ನಾನು ಎಂದಿಗಿಂತ ಜೋರಾಗಿ ವಿವರಿಸಿದೆ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ದಾವಣಗೆರೆ ಬಸ್ಸಿಗೆ ಕಾಯುತ್ತಿದ್ದಾಗ ಕರೆಂಟು ಹೋಯಿತು. ಏಳು ಗಂಟೆ ಇರಬಹುದು. ಮೇಷ್ಟ್ರು ಶೇಂಗಾ ಪೊಟ್ಟಣ ಬಿಚ್ಚಿ ನನ್ನ ಕಡೆ ಚಾಚಿದರು. ತಾವೂ ನಾಲ್ಕು ಕಾಳು ಸುಲಿದು, ಆಮೇಲೆ ಹೇಳಿದರು.

"ಟೀಚರಮ್ಮ, ತಪ್ಪು ತಿಳ್ಕಬ್ಯಾಡ್ರಿ. ಆ ಕೊನೇ ಚಿತ್ರದಾಗೆ ಕೆಳಗಿನ ಸಾಲು ಮೇಲಿನದ್ರ ಮುಂದುವರಿಕೆ ಅಲ್ಲ. ಅವೆರಡು ಬ್ಯಾರೆ ಬ್ಯಾರೆ ನಕ್ಷತ್ರ."

ಏನು ಹಾಗಂದರೆ ಎಂದೆ. ಪುಸ್ತಕದಲ್ಲಿ ಮೋಡ ಒಂದೇ, ಅದರಿಂದ ದಾರಿ ಎರಡಾಗಿ ಎಡಬಲಕ್ಕೆ ಕವಲೊಡೆಯುತ್ತದೆ, ನಮ್ಮ ಮೇಲಿನ ಸಾಲು ಸೂರ್ಯನಂಥವುಗಳ ದಾರಿ, ಕೆಳಗಿನದು ಭಾರಿ ನಕ್ಷತ್ರಗಳದ್ದು; ಜಾಗ ಸಾಲದೆ ಮೋಡವನ್ನು ಮೇಲಿನ ಸಾಲಿನಲ್ಲಿ ಮಾತ್ರ ಬರೆದೆ ಎಂದು ವಿವರಿಸಿದರು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಏಳು ದಿನ ಕಣ್ಣಿಟ್ಟು ಬರೆದದ್ದರಿಂದ ಗೊತ್ತಾಗಿತ್ತು. ಅಲ್ಲೇ ಎದ್ದು ಹೇಳಬಾರದಿತ್ತೇ ಎಂದು ಅವರ ಮೇಲೂ ಹಾರಿಬಿದ್ದೆ.

"ನಾನು ಡ್ರಾಯಿಂಗ್ ಮೇಷ್ಟ್ರು," ಎಂದರು. "ಸೈನ್ಸು ನಿಮ್ಮದು. ನನಗೇ ತಿಳೀಲಿಲ್ವೇನೋ ಅಂತ ಇಷ್ಟೊತ್ತೂ ವಿಚಾರ ಮಾಡ್ತಿದ್ದೆ."

ಉರುವಲು ಎಲ್ಲಿಂದ ಬಂತು ಎಂಬ ಮಾತು ಆಗ ಮೊದಲ ಸಲ ನನಗೆ ಸರಿಯಾಗಿ ಕೇಳಿಸಿತು. ಅವಳ ಪ್ರಶ್ನೆಗೆ ಉತ್ತರವೇ ಇರಲಿಲ್ಲ, ಏಕೆಂದರೆ ಉರುವಲು ಎಲ್ಲಿಂದಲೂ ಬಂದಿರಲಿಲ್ಲ. ಎರಡು ಸಾಲು ಕೂಡುವ ಜಾಗದಲ್ಲಿ ಬಿರುಕಿದೆ ಎಂದು ಪುಸ್ತಕ ನೋಡದೆ, ಯಾರೂ ಹೇಳದೆ, ನಾನು ಹೇಳಿದ್ದನ್ನಷ್ಟೇ ಕೇಳಿಸಿಕೊಂಡು ಹದಿನೈದು ವರ್ಷದ ಹುಡುಗಿ ಕಂಡುಹಿಡಿದಿದ್ದಳು. ನಾನು ಅವಳನ್ನು ಒಲೆಯ ಮುಂದೆ ಕೂರಿಸಿ ಬಂದಿದ್ದೆ.

ದೀಪವಿಲ್ಲದ ಊರಿನ ಮೇಲೆ ಪೂರ್ವದಲ್ಲಿ ನಕ್ಷತ್ರಗಳು ಒತ್ತಾಗಿ ಎದ್ದಿದ್ದವು. ಮೇಷ್ಟ್ರು ಒಂದು ಕೆಂಪು ಚುಕ್ಕೆಯತ್ತ ಬೆರಳು ಮಾಡಿ, ಅದು ನಮ್ಮ ಆರಿದ್ರ ಮಳೆಯ ನಕ್ಷತ್ರ ಅಲ್ಲವೇ, ಕೆಳಗಿನ ಸಾಲಿನ ಕೆಂಪನ್ನು ಅದನ್ನೇ ನೋಡಿ ಹಚ್ಚಿದೆ ಎಂದರು. ನಾನು ಹುಟ್ಟಿದಾಗಿನಿಂದ ಕೇಳುತ್ತ ಬಂದ ಹೆಸರು ಅದು. ಆರಿದ್ರ ಮಳೆ ಬಂತೋ ಇಲ್ಲವೋ ಎಂದು ಕೇಳುವ ಮನೆಗಳಲ್ಲಿ ಬೆಳೆದವಳು ಅದು ಆಕಾಶದಲ್ಲಿ ಎಲ್ಲಿದೆ ಎಂದು ಒಮ್ಮೆಯೂ ತಲೆಯೆತ್ತಿ ಹುಡುಕಿರಲಿಲ್ಲ. ಬಸ್ಸು ಬರುವವರೆಗೂ ಕತ್ತು ನೋಯುವಂತೆ ನೋಡಿದೆ. ಎಷ್ಟು ಚಿಕ್ಕವಳಾದೆ ಎನ್ನಿಸಿತು, ಆದರೆ ಆ ಚಿಕ್ಕತನದಲ್ಲಿ ಒಂದು ಬಗೆಯ ನೆಮ್ಮದಿಯೂ ಇತ್ತು.

ಮುಂದಿನ ಶನಿವಾರ ಇಬ್ಬರೂ ದಾವಣಗೆರೆಗೆ ಹೋಗಿ ಅದೇ ಪುಸ್ತಕ ತೆಗೆಸಿದೆವು. ಈ ಸಲ ಡಿಕ್ಷನರಿ ಇಟ್ಟುಕೊಂಡು ಒಂದೊಂದು ವಾಕ್ಯವನ್ನೂ ಓದಿದೆ. ಮೇಷ್ಟ್ರು ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಹೊಸ ಸ್ಲೈಡು ಮಾಡಿಸಲು ಬೊಂಬಾಯಿಯ ತಿಂಗಳು ಕಾಯಬೇಕು, ಅಷ್ಟರಲ್ಲಿ ಹತ್ತನೇ ತರಗತಿಯ ಪರೀಕ್ಷೆ ಬಂದು ಮಕ್ಕಳು ಚದುರಿಹೋಗುತ್ತಾರೆ. ಹಳೆಯ ಸ್ಲೈಡನ್ನೇ ತೆಗೆದುಕೊಂಡು ನಾನು ನ್ಯಾಮತಿಗೆ ಹೊರಟೆ.

ಹೆಡ್‌ಮಾಸ್ಟರಿಗೆ ಆಶ್ಚರ್ಯ. ಆ ಹುಡುಗಿಯ ವಿಷಯ ಕೇಳಿದಾಗ ಮುಖ ಸಣ್ಣದು ಮಾಡಿಕೊಂಡರು. ಅವಳು ಈಗ ವಿಜ್ಞಾನ ಬೇಡ ಎನ್ನುತ್ತಿದ್ದಾಳಂತೆ. ತನ್ನ ತಲೆಗೆ ಅದು ಹತ್ತುವುದಿಲ್ಲ, ಆರ್ಟ್ಸ್ ತೆಗೆದುಕೊಳ್ಳುತ್ತೇನೆ ಎಂದು ತಾನೇ ಮನೆಯಲ್ಲಿ ಹೇಳಿಬಿಟ್ಟಿದ್ದಾಳಂತೆ. ಮನೆಯವರಿಗೂ ಅದೇ ಬೇಕಿತ್ತು. ಹತ್ತನೇ ತರಗತಿಯವರನ್ನು ಈಗಲೇ ಸೇರಿಸಿ ಎಂದೆ.

ಮತ್ತೆ ಜಮಖಾನ ಕಟ್ಟಿದೆವು, ಪಂಚೆ ಇಳಿಬಿಟ್ಟೆವು. ಹನ್ನೊಂದು ಸ್ಲೈಡು ಬಿಟ್ಟು ನೇರ ಹನ್ನೆರಡನೆಯದನ್ನು ತಳ್ಳಿದೆ. ಅವಳು ಮೂರನೇ ಬೆಂಚಿನ ಗೋಡೆ ಬದಿಯಲ್ಲಿದ್ದಳು. ಮಕ್ಕಳೇ, ಈ ಚಿತ್ರವನ್ನು ನಾನು ನಿಮಗೆ ತಪ್ಪಾಗಿ ಹೇಳಿದೆ, ನಿಮ್ಮಲ್ಲಿ ಒಬ್ಬಳು ಅದನ್ನು ಹಿಡಿದಳು, ನಾನು ಅವಳನ್ನು ಗದರಿಸಿ ಕೂರಿಸಿದೆ, ಸರಿ ಇದ್ದದ್ದು ಅವಳು ಎಂದೆ. ಅದುವರೆಗಿನ ನನ್ನ ಬದುಕಿನಲ್ಲಿ ಇಂಥ ವಾಕ್ಯ ನನ್ನ ಬಾಯಿಂದ ಬಂದಿರಲಿಲ್ಲ. ಯಾರೂ ನಗಲಿಲ್ಲ. ನೀನು ಆವತ್ತು ಕೇಳಿದ್ದನ್ನು ಇನ್ನೊಮ್ಮೆ ಕೇಳಮ್ಮ ಎಂದೆ.

ಅವಳು ಏಳಲು ಬಹಳ ಹೊತ್ತು ಹಿಡಿಯಿತು.

"ಅದನ್ನ ಹೊಡೆದಾಕೀನಿ ಟೀಚರ್," ಎಂದಳು. "ನಿಮ್ದೇ ಸರಿ ಅಂತ ಬರ್ಕಂಡೀನಿ."

ನೋಟುಬುಕ್ಕು ತೋರಿಸು ಎಂದು ಪ್ರೊಜೆಕ್ಟರಿನ ಬೆಳಕಿಗೆ ಹಿಡಿದು ನೋಡಿದೆ. ಅವಳ ಪ್ರಶ್ನೆಯ ಮೇಲೆ ಹಾಳೆ ಹರಿಯುವಷ್ಟು ಒತ್ತಿ ಎಳೆದ ಗೆರೆಗಳು. ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ, ಅಡಿಗೆರೆ ಹಾಕಿ, ಸೂರ್ಯನೂ ಕೊನೆಗೆ ಸಿಡಿದು ಕಪ್ಪುಕುಳಿಯಾಗುತ್ತಾನೆ ಎಂಬ ನನ್ನ ತಪ್ಪು. ಯಾರಾದರೂ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ದುಂಡಗಿನ ಅಕ್ಷರ ತಡೆಯಲಾಗಲಿಲ್ಲ, ಕಣ್ಣು ತುಂಬಿತು. ಕತ್ತಲಿದ್ದದ್ದು ಒಳ್ಳೆಯದಾಯಿತು.

ನೋಟುಬುಕ್ಕು ಹಿಂದಿರುಗಿಸಿ ಪಂಚೆಯ ಹತ್ತಿರ ಹೋದೆ. ಮೇಲಿನ ಸಾಲು ಮುಗಿದಲ್ಲಿ ಕೋಲನ್ನು ಎತ್ತಿಬಿಟ್ಟೆ. ಸೂರ್ಯನಂಥ ನಕ್ಷತ್ರದ ಕಥೆ ಇಲ್ಲಿಗೆ ಮುಗಿಯಿತು, ಈ ಶ್ವೇತಕುಬ್ಜ ಇನ್ನು ಸುಮ್ಮನೆ ತಣ್ಣಗಾಗುತ್ತ ಹೋಗುತ್ತದೆ ಎಂದೆ. ಆಮೇಲೆ ಮತ್ತೆ ಮೋಡದಿಂದ ಶುರು ಮಾಡಿ ಕೆಳಗಿನ ಸಾಲಿಗೆ ಇಳಿದೆ. ಇವು ಬೇರೆ, ಹುಟ್ಟುವಾಗಲೇ ಭಾರಿ. ಹಾಗಾದರೆ ಯಾವ ನಕ್ಷತ್ರ ಯಾವ ಸಾಲಿಗೆ ಎಂದು ತೀರ್ಮಾನಿಸುವುದು ಏನು ಎಂದು ನಾನೇ ಕೇಳಿ ನಾನೇ ಹೇಳಿದೆ: ಅದರ ದ್ರವ್ಯರಾಶಿ, ಅಂದರೆ ಅದರಲ್ಲಿ ಎಷ್ಟು ವಸ್ತು ಸೇರಿದೆ ಎಂಬುದು. ವಸ್ತು ಹೆಚ್ಚಿದ್ದಷ್ಟೂ ಅದರ ಭಾರ ಒಳಗಿನ ತಿರುಳನ್ನು ಹೆಚ್ಚು ಒತ್ತುತ್ತದೆ, ತಿರುಳು ಹೆಚ್ಚು ಬಿಸಿಯಾಗಿ ವಿಪರೀತ ವೇಗದಲ್ಲಿ ಉರಿಯುತ್ತದೆ. ದೊಡ್ಡದಕ್ಕೆ ಉರುವಲು ಹೆಚ್ಚು, ಆದರೂ ಆಯಸ್ಸು ಕಡಿಮೆ. ಸೂರ್ಯ ಸಾವಿರ ಕೋಟಿ ವರ್ಷ ಬಾಳಿದರೆ ಇವು ಕೆಲವೇ ಕೋಟಿ ವರ್ಷಕ್ಕೆ ಮುಗಿಯುತ್ತವೆ. ಹುಟ್ಟುವಾಗ ಸೂರ್ಯನ ಸುಮಾರು ಎಂಟುಪಟ್ಟಿಗಿಂತ ಕಡಿಮೆ ಇದ್ದದ್ದು ಹೆಚ್ಚಿನ ಭಾಗವನ್ನು ಉದುರಿಸಿಕೊಂಡು ಶ್ವೇತಕುಬ್ಜವಾಗುತ್ತದೆ. ಅದಕ್ಕಿಂತ ಹೆಚ್ಚಿದ್ದದ್ದು ತಿರುಳಿನಲ್ಲಿ ಕಬ್ಬಿಣ ತಯಾರಾಗುವವರೆಗೂ ಉರಿಯುತ್ತದೆ. ಕಬ್ಬಿಣದ ಪರಮಾಣುಗಳು ಕೂಡಿದರೆ ಶಕ್ತಿ ಹೊರಡುವುದಿಲ್ಲ, ಒಳಗಿನಿಂದ ಎತ್ತಿಹಿಡಿಯುವವರೇ ಇಲ್ಲ, ತಿರುಳು ಕ್ಷಣದಲ್ಲಿ ಕುಸಿದು ಹೊರಮೈ ಸಿಡಿಯುತ್ತದೆ. ಕುಸಿದ ತಿರುಳು ನ್ಯೂಟ್ರಾನ್ ನಕ್ಷತ್ರವಾಗುತ್ತದೆ. ಅದೂ ತಡೆಯದಷ್ಟು ಭಾರವಿದ್ದರೆ ಕಪ್ಪುಕುಳಿ.

ಸಿಡಿದ ಚೂರುಗಳು ಎಲ್ಲಿ ಹೋಗುತ್ತವೆ ಎಂದು ಯಾರೋ ಕೇಳಿದರು. ಮತ್ತೆ ಮೋಡಕ್ಕೆ ಸೇರುತ್ತವೆ, ಅದರಿಂದ ಹೊಸ ನಕ್ಷತ್ರ, ಹೊಸ ಭೂಮಿ ಆಗುತ್ತವೆ, ನಿಮ್ಮ ಊರಿನ ಕುಡುಗೋಲಿನ ಕಬ್ಬಿಣವೂ ನಿಮ್ಮ ರಕ್ತದ ಕಬ್ಬಿಣವೂ ನಮ್ಮ ಸೂರ್ಯ ಹುಟ್ಟುವ ಮೊದಲೇ ಸತ್ತ ನಕ್ಷತ್ರಗಳಿಂದ ಬಂದದ್ದು ಎಂದೆ. ಹೇಳುತ್ತ ಹೇಳುತ್ತ ನನಗೇ ಮೈ ಜುಮ್ಮೆಂದಿತು. ಒಬ್ಬ ಹುಡುಗ ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

ದೀಪ ಹಾಕುವ ಹೊತ್ತಿಗೆ ಅವಳು ಎದ್ದು ನಿಂತಿದ್ದಳು. ಈ ಸಲ ಯಾರೂ ಹೇಳಿರಲಿಲ್ಲ.

"ಟೀಚರ್, ಆ ಬಿಳೀದ್ರ ಮಗ್ಗುಲಾಗೆ ಇನ್ನೊಂದು ನಕ್ಷತ್ರ ಇದ್ರೆ? ಅದ್ರಿಂದ ಉರುವಲು ಎಳ್ಕಂಡ್ರೆ, ಆಗ ಇದೂ ಸಿಡೀತೈತೇನ್ರಿ?"

"ಗೊತ್ತಿಲ್ಲಮ್ಮ," ಎಂದೆ. "ನಿಜವಾಗ್ಲೂ ಗೊತ್ತಿಲ್ಲ."

ಅವಳು ಕೂತು, ಹೊಸ ಹಾಳೆಯಲ್ಲಿ ಪ್ರಶ್ನೆ ಬರೆದು, ಅದರ ಕೆಳಗೆ 'ಟೀಚರಿಗೂ ಗೊತ್ತಿಲ್ಲ' ಎಂದು ಬರೆದಳು. ನಾನು ಬಗ್ಗಿ ಓದಿದ್ದನ್ನು ಕಂಡು ನಾಲಿಗೆ ಕಚ್ಚಿಕೊಂಡಳು. ಹಾಗೇ ಇರಲಿ ಎಂದೆ. ಹೊರಡುವಾಗ ಜಗುಲಿಯವರೆಗೂ ಬಂದು, ಇದನ್ನೆಲ್ಲ ಪಿಯುಸಿಯಲ್ಲಿ ಕಲಿಸುತ್ತಾರೆಯೇ ಎಂದು ಕೇಳಿದಳು. ಇಲ್ಲ, ಅಲ್ಲಿಂದಾಚೆಗೂ ಐದಾರು ವರ್ಷ ಓದಬೇಕಾದೀತು ಎಂದೆ. ಅವಳು ಬೆರಳು ಮಡಚಿ ವರ್ಷ ಎಣಿಸಿದಳು. ಮನೆಯವರ ಹತ್ತಿರ ನಾನು ಮಾತಾಡಲೇ ಎಂದದ್ದಕ್ಕೆ, ಬೇಡ, ತಾನೇ ಮಾತಾಡುತ್ತೇನೆ ಎಂದಳು.

ಉತ್ತರ ಸಿಕ್ಕಿದ್ದು ಬಹಳ ತಿಂಗಳ ಮೇಲೆ, ಅದೇ ಲೈಬ್ರರಿಯ ಇನ್ನೊಂದು ಪುಸ್ತಕದಲ್ಲಿ. ಓದುತ್ತಿದ್ದಂತೆ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಜೋಡಿ ನಕ್ಷತ್ರಗಳಲ್ಲಿ ಶ್ವೇತಕುಬ್ಜವು ಮಗ್ಗುಲಿನದರಿಂದ ವಸ್ತು ಸೆಳೆದುಕೊಳ್ಳುವುದುಂಟು. ಅದರ ತೂಕ ಸೂರ್ಯನ ಒಂದೂವರೆಪಟ್ಟಿನ ಸಮೀಪಕ್ಕೆ ಬಂದರೆ ಇಡೀ ನಕ್ಷತ್ರವೇ ಸಿಡಿದು ಏನೂ ಉಳಿಯದೆ ಹೋಗಬಹುದು. ದೊಡ್ಡ ದೊಡ್ಡ ದುರ್ಬೀನಿನವರು ತಲೆ ಕೆಡಿಸಿಕೊಂಡ ಮಾತನ್ನು ಅವಳು ನ್ಯಾಮತಿಯ ಬೆಂಚಿನ ಮೇಲೆ ಊಹಿಸಿದ್ದಳು. ಅವಳ ಶಾಲೆಯ ವಿಳಾಸಕ್ಕೆ ಒಂದು ಕಾರ್ಡು ಬರೆದೆ: ಸಿಡಿಯುತ್ತದೆ, ನಿನ್ನ ಊಹೆ ಸರಿ.

ಕಾರ್ಡು ಅಲ್ಲಿಂದ ಮುಂದಕ್ಕೆ ಹೋಗಿರಬೇಕು. ಮೂರು ವಾರದ ಮೇಲೆ ಶಿವಮೊಗ್ಗದ ಒಂದು ಹುಡುಗಿಯರ ಹಾಸ್ಟೆಲಿನಿಂದ ಮರು ಕಾರ್ಡು ಬಂತು. ಅದೇ ದುಂಡಗಿನ ಅಕ್ಷರ. ನಮಸ್ಕಾರ ಒಂದು ಸಾಲು, ಪಿಯುಸಿ ವಿಜ್ಞಾನ ತೆಗೆದುಕೊಂಡಿದ್ದೇನೆ ಎಂದು ಒಂದು ಸಾಲು. ಉಳಿದ ಜಾಗದಲ್ಲೆಲ್ಲ ಪ್ರಶ್ನೆ: ಬಿಳಿಯದು ಸಿಡಿದು ಹೋದ ಮೇಲೆ, ಉರುವಲು ಕೊಟ್ಟ ಆ ಮಗ್ಗುಲಿನ ನಕ್ಷತ್ರ ಏನಾಗುತ್ತದೆ?

ನನಗೆ ಅದೂ ಗೊತ್ತಿರಲಿಲ್ಲ. ಕಾರ್ಡನ್ನು ಚೀಲದಲ್ಲಿಟ್ಟುಕೊಂಡು ದಾವಣಗೆರೆ ಬಸ್ಸು ಹತ್ತಿದೆ.